ಅಪಘಾತ ಕಂಡವರು ಕೋರ್ಟಿನಲ್ಲಿ ಸಾಕ್ಷಿ ಹೇಳುವುದು ಹೇಗೆ?

"ಎರಡು ವರ್ಷದ ಹಿಂದೆ ಅಂಗಡಿ ಎದುರು ಆದ ಅಪಘಾತಕ್ಕೆ ಈಗ ಸಮನ್ಸ್ ಬಂದಿದೆ. ಅರ್ಧ ನೆನಪಿದೆ, ಅರ್ಧ ಇಲ್ಲ. ಕೋರ್ಟಿನಲ್ಲಿ ಏನು ಹೇಳಲಿ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಬೆಂಗಳೂರಿನ ರಸ್ತೆಗಳಲ್ಲಿ ಗಾಡಿ ಗುದ್ದಿದ ಪ್ರಕರಣಗಳಿಗೆ ಸಾಕ್ಷಿಗಳಾಗುವವರು ಹೆಚ್ಚಾಗಿ ಅಲ್ಲೇ ಇದ್ದ ಅಂಗಡಿಯವರು, ಆಟೋದವರು, ಬಸ್ಸಿಗೆ ಕಾಯುತ್ತಿದ್ದವರು. ಅವರಲ್ಲಿ ಬಹಳ ಮಂದಿ ಕೋರ್ಟಿನ ಮೆಟ್ಟಿಲು ಹತ್ತುವುದು ಅದೇ ಮೊದಲು. ಹೀಗಾಗಿ ಈ ಲೇಖನವನ್ನು ರಸ್ತೆ ಅಪಘಾತದ ಕ್ರಿಮಿನಲ್ ಪ್ರಕರಣದಲ್ಲಿ ಬಾಯಿಮಾತಿನ ಸಾಕ್ಷ್ಯ ಹೇಳುವುದಕ್ಕಷ್ಟೇ ಸೀಮಿತಗೊಳಿಸಿದ್ದೇವೆ.

ಮೊದಲೇ ಹೇಳಿಬಿಡುತ್ತೇವೆ: ಅರ್ಧ ನೆನಪಿದ್ದರೆ ಅರ್ಧವನ್ನೇ ಹೇಳಬೇಕು. ಉಳಿದರ್ಧವನ್ನು ಊಹಿಸಿ ತುಂಬಿದರೆ, ನಿಜವಾಗಿ ಕಂಡ ಅರ್ಧವನ್ನೂ ಯಾರೂ ನಂಬದ ಹಾಗಾಗುತ್ತದೆ.

ಒಂದು ಕಾಲ್ಪನಿಕ ಪ್ರಸಂಗವನ್ನು ಇಟ್ಟುಕೊಂಡು ಮುಂದೆ ಹೋಗೋಣ. ಕನಕಪುರ ರಸ್ತೆಯ ಸಾರಕ್ಕಿ ಸಿಗ್ನಲ್ ಬಳಿ ಒಂದು ಹಣ್ಣಿನ ಅಂಗಡಿ. ಸಂಜೆ ಏಳೂಕಾಲರ ಹೊತ್ತು. ಅಂಗಡಿಯವರು ಗಿರಾಕಿಗೆ ಚಿಲ್ಲರೆ ಎಣಿಸಿ ಕೊಡುತ್ತಿದ್ದಾರೆ. ಧಡ್ ಎಂಬ ಶಬ್ದ. ತಿರುಗಿ ನೋಡಿದರೆ ಸ್ಕೂಟರ್ ಬಿದ್ದಿದೆ, ಸವಾರ ರಸ್ತೆಯ ಮೇಲಿದ್ದಾರೆ, ಬಿಳಿ ಕಾರೊಂದು ಸ್ಕೂಟರಿಗೆ ತಾಗಿಕೊಂಡೇ ನಿಂತಿದೆ, ಕಾರು ಬಂದ ಕಡೆಗೆ ಕೆಂಪು ದೀಪ ಇದೆ. ಈ ಅಂಗಡಿಯವರು ಏನನ್ನು ಹೇಳಬಹುದು, ಏನನ್ನು ಹೇಳಬಾರದು?

1. ಸಮನ್ಸ್ ಓದಿ, ಪ್ರಕರಣ ಪತ್ತೆ ಮಾಡಿ

ಸಮನ್ಸ್ ಎಂದರೆ ಇಂಥ ದಿನ, ಇಂಥ ನ್ಯಾಯಾಲಯಕ್ಕೆ ಬನ್ನಿ ಎಂಬ ಕೋರ್ಟಿನ ಆದೇಶ. ಅದರಲ್ಲಿ ಪ್ರಕರಣದ ಸಂಖ್ಯೆ, ನ್ಯಾಯಾಲಯದ ಹೆಸರು, ದಿನಾಂಕ ಇರುತ್ತವೆ. ಕಟ್ಟಡ ಯಾವುದೆಂದು ಖಚಿತ ಮಾಡಿಕೊಳ್ಳಿ: ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯ, ಮೇಯೊ ಹಾಲ್, ಸಿಟಿ ಸಿವಿಲ್ ಕೋರ್ಟ್ ಸಂಕೀರ್ಣ ಬೇರೆ ಬೇರೆ ಕಡೆ ಇವೆ. ತಪ್ಪು ಕಟ್ಟಡಕ್ಕೆ ಹೋಗಿ ಕೂತು, ಕರೆದಾಗ ಇಲ್ಲದೆ ವಾರಂಟ್ ಮಾಡಿಸಿಕೊಂಡವರಿದ್ದಾರೆ. ಹಿಂದಿನ ಸಂಜೆ services.ecourts.gov.in ತಾಣದಲ್ಲಿ ಪ್ರಕರಣದ ಸಂಖ್ಯೆ ಹಾಕಿ ದಿನಾಂಕ ಬದಲಾಗಿಲ್ಲವೆಂದು ನೋಡಿಕೊಳ್ಳಿ. ಗುರುತಿನ ಚೀಟಿ ಮತ್ತು ಸಮನ್ಸ್ ಎರಡೂ ಕೈಯಲ್ಲಿರಲಿ.

2. ನೆನಪನ್ನು ಮೂರು ಭಾಗ ಮಾಡಿ

ಕೋರ್ಟಿಗೆ ಹೋಗುವ ಮೊದಲು ಮಾಡಬೇಕಾದ ಮುಖ್ಯ ಕೆಲಸ ಇದೊಂದೇ. ಒಂದು ಹಾಳೆ ತೆಗೆದುಕೊಂಡು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು, ಆಮೇಲೆ ಬೇರೆಯವರಿಂದ ತಿಳಿದದ್ದು ಅಥವಾ ನೀವೇ ಲೆಕ್ಕ ಹಾಕಿದ್ದು ಎಂದು ಬೇರ್ಪಡಿಸಿ ಬರೆಯಿರಿ.

ನಮ್ಮ ಹಣ್ಣಿನಂಗಡಿಯವರ ಹಾಳೆ ಹೀಗಿರುತ್ತದೆ. ಕೇಳಿದ್ದು: ಶಬ್ದ. ಕಂಡದ್ದು: ಬಿದ್ದ ಸ್ಕೂಟರ್, ಬಿದ್ದ ಸವಾರ, ನಿಂತಿದ್ದ ಕಾರು, ತಿರುಗಿದಾಗ ಇದ್ದ ಕೆಂಪು ದೀಪ. ಲೆಕ್ಕ ಹಾಕಿದ್ದು: ಕಾರು ವೇಗವಾಗಿ ಬಂತು, ಸಿಗ್ನಲ್ ಹಾರಿಸಿತು, ಡ್ರೈವರ್ ಮೊಬೈಲ್ ನೋಡುತ್ತಿದ್ದ. ಈ ಮೂರನೆಯ ಭಾಗ ಜನ ಸೇರಿದಾಗ ಹುಟ್ಟಿದ್ದು. ಎರಡು ವರ್ಷ ಅದನ್ನೇ ಹತ್ತಾರು ಮಂದಿಗೆ ಹೇಳಿ ಹೇಳಿ, ತಾವೇ ನೋಡಿದ್ದೆಂಬ ಭಾವನೆ ಬಂದುಬಿಟ್ಟಿರುತ್ತದೆ. ಬೇರ್ಪಡಿಸಲು ಒಂದು ಸರಳ ಪರೀಕ್ಷೆ ಇದೆ: "ಆ ಕ್ಷಣದಲ್ಲಿ ನನ್ನ ಮುಖ ಯಾವ ಕಡೆಗಿತ್ತು, ನನ್ನ ಕೈಯಲ್ಲಿ ಏನಿತ್ತು?" ಮುಖ ಚಿಲ್ಲರೆಯ ಕಡೆ ಇದ್ದರೆ ಡಿಕ್ಕಿಯನ್ನು ಕಂಡಿರಲು ಸಾಧ್ಯವಿಲ್ಲ.

ಕಾನೂನು ಕೂಡ ಇದನ್ನೇ ಕೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 55ನೇ ಕಲಂ ಪ್ರಕಾರ ಮೌಖಿಕ ಸಾಕ್ಷ್ಯ ನೇರವಾಗಿರಬೇಕು: ನೋಡಬಹುದಾದ ಸಂಗತಿಯನ್ನು ನೋಡಿದವರೇ, ಕೇಳಬಹುದಾದ ಸಂಗತಿಯನ್ನು ಕೇಳಿದವರೇ ಹೇಳಬೇಕು. ಹಳೆಯ 1872ರ ಕಾಯ್ದೆಯಲ್ಲೂ ನಿಯಮ ಇದೇ ಆಗಿತ್ತು. "ಕಾರು ಸಿಗ್ನಲ್ ಹಾರಿಸಿತು ಎಂದು ಆಟೋದವರು ಹೇಳಿದರು" ಎಂಬುದು ಆಟೋದವರ ಬಾಯಲ್ಲಿ ಬರಬೇಕಾದ ಸಾಕ್ಷ್ಯ, ನಿಮ್ಮ ಬಾಯಲ್ಲಲ್ಲ.

ಈ ಹಾಳೆ ನಿಮ್ಮ ತಯಾರಿಗೆ ಮಾತ್ರ. ಕಟಕಟೆಯಲ್ಲಿ ಅದನ್ನು ನೋಡಿಕೊಂಡು ಹೇಳುವಂತಿಲ್ಲ.

3. ಪೊಲೀಸರ ಮುಂದೆ ಕೊಟ್ಟ ಹೇಳಿಕೆಯನ್ನು ತಿಳಿದುಕೊಳ್ಳಿ

ಅಪಘಾತವಾದಾಗ ಪೊಲೀಸರು ನಿಮ್ಮಿಂದ ಹೇಳಿಕೆ ಬರೆದುಕೊಂಡಿರುತ್ತಾರೆ. ಅದಕ್ಕೆ ಸಾಕ್ಷಿಯ ಸಹಿ ಹಾಕಿಸುವಂತಿಲ್ಲವಾದ್ದರಿಂದ, ಅದರಲ್ಲಿ ಏನಿದೆ ಎಂದು ಬಹಳ ಜನರಿಗೆ ಗೊತ್ತೇ ಇರುವುದಿಲ್ಲ. (ನೀವೇ ದೂರು ಕೊಟ್ಟಿದ್ದರೆ ಅಥವಾ ಸ್ಥಳದ ಮಹಜರಿಗೆ ಪಂಚರಾಗಿದ್ದರೆ ಆ ಕಾಗದಗಳ ಮೇಲೆ ನಿಮ್ಮ ಸಹಿ ಇರುತ್ತದೆ. ಅವು ಬೇರೆ.) ವಿಚಾರಣೆಯ ದಿನ ಸ್ವಲ್ಪ ಬೇಗ ಹೋಗಿ ಸಹಾಯಕ ಸರ್ಕಾರಿ ಅಭಿಯೋಜಕರನ್ನು, ಅಂದರೆ ಸರ್ಕಾರದ ಪರವಾಗಿ ಪ್ರಕರಣ ನಡೆಸುವ ವಕೀಲರನ್ನು, ಕಂಡು ಹೇಳಿಕೆಯಲ್ಲಿ ಏನಿದೆ ಎಂದು ಕೇಳಿ.

ಇಲ್ಲೇ ದೊಡ್ಡ ಗುಂಡಿ ಇರುವುದು. ಇಂಥ ಹೇಳಿಕೆಗಳಲ್ಲಿ "ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು ಡಿಕ್ಕಿಪಡಿಸಿದ" ಎಂಬ ಸಾಲು ಪಡಿಯಚ್ಚಿನಂತೆ ಬಂದಿರುತ್ತದೆ. ನೀವು ಆ ಮಾತು ಹೇಳಿರದಿದ್ದರೆ, ಅಥವಾ ಹೇಳಿದ್ದರೂ ಕಂಡಿರದಿದ್ದರೆ, ಆಗಲೇ ಅಭಿಯೋಜಕರಿಗೆ ತಿಳಿಸಿ: "ಸರ್, ನಾನು ಶಬ್ದ ಕೇಳಿದ ಮೇಲೆ ತಿರುಗಿದ್ದು, ಕಾರು ಬಂದದ್ದನ್ನು ನೋಡಿಲ್ಲ." ಅವರಿಗೆ ಬೇಸರವಾಗಬಹುದು. ಆದರೆ ಕಟಕಟೆಯಲ್ಲಿ ಮೊದಲ ಸಲ ಗೊತ್ತಾಗುವುದಕ್ಕಿಂತ ಇದು ಎಲ್ಲರಿಗೂ ಒಳ್ಳೆಯದು. ಹೇಳಿಕೆ ಓದಿಸಿಕೊಂಡಿರಾ ಎಂದು ಎದುರು ವಕೀಲರು ಮುಂದೆ ಕೇಳಿದರೆ "ಹೌದು, ಓದಿ ಹೇಳಿದರು" ಎನ್ನಿ. ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. "ಇಲ್ಲ" ಎಂದು ಸುಳ್ಳು ಹೇಳಿದರೆ ಮಾತ್ರ ತೊಂದರೆ.

"ಹೇಳಿಕೆಯಲ್ಲಿ ಇದ್ದಂತೆ ಹೇಳದಿದ್ದರೆ ನನ್ನನ್ನು ಪ್ರತಿಕೂಲ ಸಾಕ್ಷಿ ಎನ್ನುತ್ತಾರಂತೆ" ಎಂಬ ಭಯ ಹಲವರಿಗಿದೆ. ಪ್ರತಿಕೂಲ ಸಾಕ್ಷಿ ಎಂದರೆ, ಕರೆಸಿದ ಪಕ್ಷದವರೇ ನ್ಯಾಯಾಲಯದ ಅನುಮತಿ ಪಡೆದು, ಎದುರು ಪಕ್ಷದ ವಕೀಲರು ಮಾಡುವ ಪಾಟಿ ಸವಾಲಿನ ರೀತಿ ಪ್ರಶ್ನಿಸುವ ಸಾಕ್ಷಿ. ಅದು ಶಿಕ್ಷೆಯಲ್ಲ. ಹಾಗೆ ಪ್ರಶ್ನಿಸಿದರೆಂದು ನಿಮ್ಮ ಇಡೀ ಸಾಕ್ಷ್ಯ ಅಳಿಸಿಹೋಗುವುದೂ ಇಲ್ಲ. ನಂಬಲರ್ಹವಾದ ಭಾಗವನ್ನು ನ್ಯಾಯಾಲಯ ತೆಗೆದುಕೊಳ್ಳಬಹುದು.

4. ಪ್ರಮಾಣ ಮತ್ತು ಮುಖ್ಯ ವಿಚಾರಣೆ

ಸರದಿ ಬರುವ ತನಕ ಕೋರ್ಟ್ ಹಾಲಿನ ಹೊರಗೆ ಇರಲು ಹೇಳಬಹುದು. ಒಬ್ಬ ಸಾಕ್ಷಿಯ ಮಾತು ಇನ್ನೊಬ್ಬರ ನೆನಪಿಗೆ ಬೆರೆಯದಿರಲಿ ಎಂದು ಹಾಗೆ ಮಾಡುತ್ತಾರೆ. ಕಾರಿಡಾರಿನಲ್ಲಿ ಬೇರೆ ಸಾಕ್ಷಿಗಳ ಜೊತೆ ಅಪಘಾತದ ವಿಷಯ ಮಾತಾಡಬೇಡಿ. ಕರೆದಾಗ ಒಳಗೆ ಹೋಗಿ, ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡುತ್ತೀರಿ. ದೇವರ ಹೆಸರಿನಲ್ಲಿ ಬೇಡವೆಂದರೆ ಸತ್ಯನಿಷ್ಠೆಯ ಪ್ರಮಾಣಕ್ಕೂ ಅವಕಾಶವಿದೆ.

ಮೊದಲು ಅಭಿಯೋಜಕರು ಕೇಳುವುದು ಮುಖ್ಯ ವಿಚಾರಣೆ. ಉತ್ತರವನ್ನು ಬಾಯಿಗಿಡುವಂಥ ಪ್ರಶ್ನೆಯನ್ನು ಈ ಹಂತದಲ್ಲಿ ಸಾಮಾನ್ಯವಾಗಿ ಕೇಳುವಂತಿಲ್ಲ. "ಆಮೇಲೆ ಏನಾಯ್ತು?" ಎಂದು ಕೇಳುತ್ತಾರೆ, ಹೇಳಬೇಕಾದವರು ನೀವೇ. ನಮ್ಮ ಅಂಗಡಿಯವರು ಹೀಗೆ ಹೇಳಿದರೆ ಸಾಕು: "ನಾನು ಅಂಗಡಿಯಲ್ಲಿದ್ದೆ. ಸಂಜೆ ಸುಮಾರು ಏಳೂಕಾಲು. ರಸ್ತೆ ಕಡೆಯಿಂದ ಜೋರಾಗಿ ಶಬ್ದ ಬಂತು. ತಕ್ಷಣ ತಿರುಗಿದೆ. ಸ್ಕೂಟರ್ ಬಿದ್ದಿತ್ತು. ಬಿಳಿ ಕಾರಿನ ಮುಂಭಾಗ ಸ್ಕೂಟರಿಗೆ ತಾಗಿಕೊಂಡಿತ್ತು. ಆಗ ಕಾರು ಬಂದ ಕಡೆಗೆ ಕೆಂಪು ದೀಪ ಇತ್ತು." ಒಂದೊಂದು ವಾಕ್ಯದ ನಂತರ ನಿಲ್ಲಿಸಿ. ನ್ಯಾಯಾಧೀಶರು ನಿಮ್ಮ ಮಾತನ್ನು ಬರೆಸುತ್ತಿರುತ್ತಾರೆ, ಬೆರಳಚ್ಚುಗಾರರ ಕೈ ನಿಂತ ಮೇಲೆ ಮುಂದಿನ ಮಾತು.

ಗಮನಿಸಿ, ಇಲ್ಲಿ "ಸಿಗ್ನಲ್ ಹಾರಿಸಿತು" ಎಂಬ ಮಾತಿಲ್ಲ. ತಿರುಗಿದಾಗ ಕೆಂಪು ದೀಪ ಇತ್ತು ಎಂಬುದಷ್ಟೇ ಇದೆ. ಅದರಿಂದ ಏನು ಗೊತ್ತಾಗುತ್ತದೆ ಎಂದು ನಿರ್ಧರಿಸುವುದು ನ್ಯಾಯಾಧೀಶರ ಕೆಲಸ. ಮೇಲಾಗಿ, "ಹಾರಿಸಿತು" ಎಂದ ಕೂಡಲೇ ಎದುರು ವಕೀಲರಿಗೆ ದಾರಿ ಸಿಗುತ್ತದೆ: ಗೆರೆ ದಾಟಿದಾಗ ನೋಡಿದಿರಾ? ನೋಡಿಲ್ಲ. ಹಾಗಾದರೆ ಹೇಗೆ ಹೇಳಿದಿರಿ? ಅಲ್ಲಿಗೆ ಕೆಂಪು ದೀಪದ ಮಾತೂ ತೂಕ ಕಳೆದುಕೊಳ್ಳುತ್ತದೆ.

ಆರೋಪಿಯನ್ನು ಗುರುತಿಸಲು ಹೇಳಿದಾಗಲೂ ಇದೇ ಎಚ್ಚರ ಬೇಕು. ಆರೋಪಿಗಳ ಜಾಗದಲ್ಲಿ ಒಬ್ಬರೇ ನಿಂತಿದ್ದಾರೆಂದು "ಇವರೇ" ಎನ್ನಬೇಡಿ. ಮುಖ ನೆನಪಿಲ್ಲದಿದ್ದರೆ "ಕಾರಿನಿಂದ ಒಬ್ಬ ಗಂಡಸು ಇಳಿದರು, ಮುಖ ಈಗ ನೆನಪಿಲ್ಲ" ಎನ್ನಿ. ಗಾಡಿಯ ನಂಬರನ್ನು ಸಮನ್ಸ್ ಬಂದ ಮೇಲೆ ಬಾಯಿಪಾಠ ಮಾಡಿ ಒಪ್ಪಿಸುವುದೂ ಬೇಡ.

5. ವೇಗ, ದೂರ, ಹೊತ್ತು: ಅಂದಾಜು ಬೇರೆ, ಊಹೆ ಬೇರೆ

ಅಪಘಾತದ ಸಾಕ್ಷಿಗಳು ಹೆಚ್ಚು ಎಡವುವುದು ಈ ಮೂರರಲ್ಲಿ. ಅಂದಾಜಿಗೆ ಒಂದು ಆಧಾರ ಇರುತ್ತದೆ, ಕೇಳಿದರೆ ತೋರಿಸಬಹುದು. ಊಹೆಗೆ ಆಧಾರವಿಲ್ಲ.

ವೇಗದ ವಿಷಯದಲ್ಲಿ 1998ರ ಒಂದು ತೀರ್ಪು ತಿಳಿದಿರಲಿ. ಕರ್ನಾಟಕದ್ದೇ ಲಾರಿ ಪ್ರಕರಣವೊಂದರಲ್ಲಿ ಸಾಕ್ಷಿಗಳು ಲಾರಿ "ಹೈ ಸ್ಪೀಡ್"ನಲ್ಲಿತ್ತು ಎಂದಿದ್ದರು. ಹೈ ಸ್ಪೀಡ್ ಎಂಬುದು ಸಾಪೇಕ್ಷ ಮಾತು, ಅದರಿಂದ ಏನನ್ನು ಹೇಳಹೊರಟಿದ್ದೇವೆಂದು ಸಾಕ್ಷಿಗಳು ಸುಮಾರಾಗಿಯೂ ವಿವರಿಸಿಲ್ಲ, ಅಷ್ಟರಿಂದಲೇ ಅಜಾಗರೂಕತೆ ಸಾಬೀತಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿ, ಆರೋಪಿಯ ಬಿಡುಗಡೆಯನ್ನು ಎತ್ತಿಹಿಡಿಯಿತು. ಇದನ್ನು ಓದಿ "ಹಾಗಾದರೆ 80 ಕಿಲೋಮೀಟರ್ ಎನ್ನುತ್ತೇನೆ" ಎಂದು ಹೊರಡಬೇಡಿ. ರಸ್ತೆ ಬದಿಯಲ್ಲಿ ನಿಂತವರಿಗೆ ಸ್ಪೀಡೋಮೀಟರ್ ಕಾಣುವುದಿಲ್ಲ, ಆ ಅಂಕಿ ಎರಡೇ ಪ್ರಶ್ನೆಗೆ ಬಿದ್ದುಹೋಗುತ್ತದೆ. ಕಾರು ಬರುವುದನ್ನು ನಿಜವಾಗಿ ನೋಡಿದವರು ಹೀಗೆ ಹೇಳಬಹುದು: "ಅಂಕಿ ಹೇಳಕ್ಕಾಗಲ್ಲ. ಪಕ್ಕದ ಲೇನಿನ ಗಾಡಿಗಳು ಸಿಗ್ನಲ್‌ಗೆ ನಿಂತಿದ್ದವು. ಈ ಕಾರು ಅವುಗಳ ಪಕ್ಕದಿಂದ ನಿಲ್ಲದೆ ಮುಂದಕ್ಕೆ ಬಂತು. ಬ್ರೇಕ್ ಹಾಕಿದ ಸದ್ದು ಕೇಳಲಿಲ್ಲ." ಅಂಕಿಯೇ ಇಲ್ಲದ ಈ ಉತ್ತರದಲ್ಲಿ ನ್ಯಾಯಾಲಯಕ್ಕೆ ಬೇಕಾದದ್ದೆಲ್ಲ ಇದೆ. ನಮ್ಮ ಅಂಗಡಿಯವರಾದರೆ: "ಡಿಕ್ಕಿಗೆ ಮುಂಚೆ ಕಾರನ್ನು ನೋಡಿಲ್ಲ. ಸ್ಪೀಡ್ ಗೊತ್ತಿಲ್ಲ."

ದೂರಕ್ಕೆ ಅಡಿ, ಮೀಟರ್ ಬೇಡ. "ನಾನು ನಿಂತ ಈ ಜಾಗದಿಂದ ಕೋರ್ಟ್ ಹಾಲಿನ ಬಾಗಿಲಿಗೆ ಎಷ್ಟಿದೆಯೋ ಸುಮಾರು ಅಷ್ಟು" ಎಂದರೆ ನ್ಯಾಯಾಧೀಶರೇ ಅಂದಾಜಿಸಿ ಬರೆಸಬಹುದು. ಕಡತದಲ್ಲಿ ಸ್ಥಳದ ನಕ್ಷೆ ಇರುತ್ತದೆ, ನೀವು ಹೇಳಿದ "ಸರಿಯಾಗಿ ಐವತ್ತಡಿ" ಅದಕ್ಕೆ ತಾಳೆಯಾಗದಿದ್ದರೆ ಸ್ಥಳದಲ್ಲೇ ಇರಲಿಲ್ಲ ಎನ್ನುತ್ತಾರೆ.

ಹೊತ್ತನ್ನು ನಿಮ್ಮ ದಿನಚರಿಗೆ ಕಟ್ಟಿ ಹೇಳಿ: "ಗಡಿಯಾರ ನೋಡಿಲ್ಲ. ದೀಪ ಹಚ್ಚಿ ಸ್ವಲ್ಪ ಹೊತ್ತಾಗಿತ್ತು, ಏಳರ ಮೇಲೆ." ಇಂಥ ಉತ್ತರಕ್ಕೆ ಅಂಜಬೇಕಿಲ್ಲ. ಸಾಕ್ಷಿಗೆ ಛಾಯಾಚಿತ್ರದಂಥ ನೆನಪಿರಬೇಕೆಂದು ನಿರೀಕ್ಷಿಸಲಾಗದು, ಸಮಯದ ವಿಷಯದಲ್ಲಿ ಜನ ಸಾಮಾನ್ಯವಾಗಿ ಅಂದಾಜಿನಲ್ಲೇ ಹೇಳುತ್ತಾರೆ ಎಂದು 1983ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ಹೇಳಿದೆ. ಕೋರ್ಟಿನ ವಾತಾವರಣಕ್ಕೆ, ವಕೀಲರ ಚುಚ್ಚು ಪ್ರಶ್ನೆಗಳಿಗೆ ಬೆದರಿ ಸಾಕ್ಷಿ ಆ ಗಳಿಗೆಗೆ ತೋಚಿದ್ದನ್ನು ಸೇರಿಸಿಬಿಡಬಹುದು ಎಂಬುದನ್ನೂ ಅದೇ ತೀರ್ಪು ಗುರುತಿಸಿದೆ.

6. ಪಾಟಿ ಸವಾಲು

ಎದುರು ಪಕ್ಷದ ವಕೀಲರು ಕೇಳುವುದೇ ಪಾಟಿ ಸವಾಲು. ಇಲ್ಲಿ ಉತ್ತರವನ್ನು ಒಳಗೊಂಡ ಪ್ರಶ್ನೆ ಕೇಳಬಹುದು. ಪ್ರಶ್ನೆ ಪೂರ್ತಿಯಾಗಲಿ, ಒಂದು ಉಸಿರು ತೆಗೆದುಕೊಳ್ಳಿ, ನ್ಯಾಯಾಧೀಶರ ಕಡೆ ನೋಡಿ ಉತ್ತರಿಸಿ. ತಲೆಯಾಡಿಸುವುದು, ಹ್ಞೂಂಗುಟ್ಟುವುದು ದಾಖಲಾಗುವುದಿಲ್ಲ.

ಅಭ್ಯಾಸಬಲದಿಂದ ಬಾಯಿಗೆ ಬರುವ "ಇರಬಹುದು" ಇಲ್ಲಿ ದುಬಾರಿ. ನಾವು ದಿನಬಳಕೆಯಲ್ಲಿ "ನನಗೆ ಗೊತ್ತಿಲ್ಲ, ನೀವು ಹೇಳಿದ ಹಾಗೇ ಇದ್ದರೂ ಇರಲಿ" ಎಂಬ ಸೌಜನ್ಯಕ್ಕೆ ಅದನ್ನು ಬಳಸುತ್ತೇವೆ. "ಸ್ಕೂಟರಿನವರು ಬಲಕ್ಕೆ ತಿರುಗಿಸಿಕೊಂಡರು ಅಲ್ವಾ?" "ಇರಬಹುದು ಸಾರ್." ದಾಖಲೆಯಲ್ಲಿ ಇದು "ಸ್ಕೂಟರ್ ಸವಾರರು ಬಲಕ್ಕೆ ತಿರುಗಿಸಿರಬಹುದು ಎಂದರೆ ಸರಿ" ಎಂದಾಗುತ್ತದೆ. ವಾದ ಮಂಡನೆಯ ದಿನ, ಕಣ್ಣಾರೆ ಕಂಡವರೇ ಒಪ್ಪಿದ್ದಾರೆ ಎಂದು ವಕೀಲರು ಅದನ್ನೇ ಓದುತ್ತಾರೆ. ನೀವು ಕಂಡಿರಲಿಲ್ಲ, ಹಾಗಾಗಿ ಉತ್ತರ "ನಾನು ನೋಡಿಲ್ಲ" ಎಂದಿರಬೇಕಿತ್ತು.

ತಿಳಿಯದ್ದನ್ನು ಹೇಳಲು ಮೂರು ಬೇರೆ ಬೇರೆ ಉತ್ತರಗಳಿವೆ. ಆಗ ಗಮನಿಸಿಯೇ ಇರದಿದ್ದರೆ "ನೋಡಿಲ್ಲ". ತಿಳಿಯಲು ನಿಮಗೆ ದಾರಿಯೇ ಇರದಿದ್ದರೆ, ಉದಾಹರಣೆಗೆ ಚಾಲಕರಿಗೆ ಲೈಸೆನ್ಸ್ ಇತ್ತೇ ಎಂದು ಕೇಳಿದರೆ, "ಗೊತ್ತಿಲ್ಲ". ಆಗ ಗೊತ್ತಿದ್ದು ಈಗ ಮರೆತಿದ್ದರೆ "ಈಗ ನೆನಪಿಲ್ಲ". ಇವನ್ನು ಅದಲು ಬದಲು ಮಾಡಬಾರದು. ಸವಾರರು ಹೆಲ್ಮೆಟ್ ಹಾಕಿದ್ದರೆಂದು ಅಂದು ಪೊಲೀಸರಿಗೆ ಹೇಳಿ, ಇಂದು ಮರೆತು "ನೋಡಿಲ್ಲ" ಎಂದರೆ ಎರಡು ಮಾತು ಒಂದಕ್ಕೊಂದು ವಿರುದ್ಧವಾಗುತ್ತವೆ. "ಈಗ ನೆನಪಿಲ್ಲ" ಎಂದರೆ ಆ ವಿರೋಧ ಬರುವುದಿಲ್ಲ. ಹಾಗೆಂದು ಇಕ್ಕಟ್ಟಿನ ಪ್ರಶ್ನೆಗೆಲ್ಲ "ನೆನಪಿಲ್ಲ" ಎನ್ನುವುದು ಸುಳ್ಳೇ. ಭಾರತೀಯ ನ್ಯಾಯ ಸಂಹಿತೆಯ 227ನೇ ಕಲಂ ಸುಳ್ಳು ಸಾಕ್ಷ್ಯವನ್ನು ವಿವರಿಸುವಾಗ, ತನಗೆ ತಿಳಿಯದ್ದನ್ನು ತಿಳಿದಿದೆ ಎಂದು ಹೇಳುವುದನ್ನೂ ಅದರಲ್ಲಿ ಸೇರಿಸಿದೆ. ನ್ಯಾಯಾಂಗ ಪ್ರಕ್ರಿಯೆಯಲ್ಲಿ ಬೇಕೆಂದೇ ಸುಳ್ಳು ಸಾಕ್ಷ್ಯ ನುಡಿದರೆ ಏಳು ವರ್ಷದವರೆಗೆ ಸೆರೆವಾಸ ಇದೆ.

ಪ್ರಶ್ನೆಯ ರೂಪದಲ್ಲೂ ತೊಡಕುಗಳಿವೆ. "ನೀವು ಡಿಕ್ಕಿಯಾದದ್ದನ್ನು ನೋಡಲಿಲ್ಲ ಅಲ್ವಾ?" ಎಂದರೆ "ಹೌದು" ಎಂದರೂ "ಇಲ್ಲ" ಎಂದರೂ ಎರಡರ್ಥ. ದಾಖಲೆ ಇಂಗ್ಲಿಷಿನಲ್ಲಿ ನಡೆಯುತ್ತಿದ್ದರೆ ಅದು ತಿರುಗುಮುರುಗಾಗುವ ಸಂಭವ ಹೆಚ್ಚು. ಪೂರ್ತಿ ವಾಕ್ಯದಲ್ಲೇ ಹೇಳಿ: "ಡಿಕ್ಕಿಯಾದದ್ದನ್ನು ನೋಡಿಲ್ಲ, ಶಬ್ದ ಕೇಳಿ ತಿರುಗಿದೆ." "ನೀವು ವ್ಯಾಪಾರದಲ್ಲಿದ್ರಿ, ಕತ್ತಲಿತ್ತು, ಸ್ಕೂಟರ್ ಅಡ್ಡ ಬಂತು, ಸರಿ ತಾನೆ?" ಎಂಬಂಥ ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳಿವೆ. ಬಿಡಿಸಿ ಹೇಳಿ: "ವ್ಯಾಪಾರದಲ್ಲಿದ್ದೆ, ಸರಿ. ಬೀದಿದೀಪ ಇತ್ತು. ಸ್ಕೂಟರ್ ಬಂದದ್ದನ್ನು ನೋಡಿಲ್ಲ." ಹೌದು ಅಥವಾ ಇಲ್ಲ ಎಂದಷ್ಟೇ ಹೇಳಿ ಎಂದು ಒತ್ತಾಯಿಸಿದರೆ, ನ್ಯಾಯಾಧೀಶರ ಕಡೆ ತಿರುಗಿ "ಸ್ವಾಮಿ, ಅಷ್ಟೇ ಹೇಳಿದರೆ ತಪ್ಪು ಅರ್ಥ ಬರುತ್ತದೆ, ಒಂದು ಮಾತು ಹೇಳಲೇ?" ಎಂದು ಕೇಳಿ. ಪ್ರಶ್ನೆಯೇ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಲು ಹೇಳಿ.

ಉತ್ತರ ಕೊಟ್ಟ ಮೇಲೆ ವಕೀಲರು ಸುಮ್ಮನೆ ನಿಂತು ನಿಮ್ಮನ್ನೇ ನೋಡಬಹುದು. ಆ ಮೌನ ತುಂಬಲು ಹೋಗಬೇಡಿ. "ಶಬ್ದ ಕೇಳಿ ತಿರುಗಿದೆ... ಅಂದ್ರೆ ಅವನು ಜೋರಾಗೇ ಬಂದಿರ್ಬೇಕು..." ಎಂಬ ಬಾಲ ಅಂಟಿಕೊಳ್ಳುವುದು ಆ ಗಳಿಗೆಯಲ್ಲೇ.

ಹಳೆಯ ಹೇಳಿಕೆಗೂ ಇಂದಿನ ಮಾತಿಗೂ ವ್ಯತ್ಯಾಸವಿದೆ ಎಂದು ತೋರಿಸುವಾಗ, ಹೇಳಿಕೆಯ ಆ ಭಾಗವನ್ನು ನಿಮ್ಮ ಗಮನಕ್ಕೆ ತರಬೇಕು. ಪೂರ್ತಿ ಕೇಳಿಸಿಕೊಳ್ಳಿ. ಹೇಳಿದ್ದರೆ "ಹೇಳಿದ್ದೆ" ಎನ್ನಿ, ಹೇಳಿರದಿದ್ದರೆ "ಹಾಗೆ ಹೇಳಿಲ್ಲ" ಎನ್ನಿ. ಪೊಲೀಸರು ಯಾಕೆ ಹಾಗೆ ಬರೆದರು ಎಂದರೆ "ಗೊತ್ತಿಲ್ಲ". ಅವರ ಪರವಾಗಿ ಕಾರಣ ಹುಡುಕುವುದು ನಿಮ್ಮ ಕೆಲಸವಲ್ಲ.

ಕೊನೆಗೆ "ನೀವು ಅಲ್ಲಿ ಇರಲೇ ಇಲ್ಲ, ಪೊಲೀಸರಿಗಾಗಿ ಸುಳ್ಳು ನುಡಿಯುತ್ತಿದ್ದೀರಿ" ಎನ್ನುತ್ತಾರೆ. ಹಲವರು ಸಿಟ್ಟಾಗುವುದು ಇಲ್ಲಿ. ಆರೋಪಿಯ ವಾದವನ್ನು ಸಾಕ್ಷಿಯ ಮುಂದಿಡುವುದು ವಕೀಲರ ಕರ್ತವ್ಯ, ಅದಕ್ಕೇ ಕೇಳುತ್ತಾರೆ. "ಸರಿಯಲ್ಲ" ಎಂಬ ಒಂದು ಮಾತು ಸಾಕು.

7. ಓದಿ ಕೇಳಿಸಿಕೊಂಡು ಸಹಿ ಹಾಕಿ

ಮುಗಿದ ಮೇಲೆ ಬರೆದದ್ದನ್ನು ನಿಮಗೆ ಓದಿ ಹೇಳಬೇಕು. ನಿಮಗೆ ಬಾರದ ಭಾಷೆಯಲ್ಲಿದ್ದರೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. "ಓದಿ ಹೇಳಿ ಕೇಳಲಾಗಿ ಸರಿ ಇದೆ" ಎಂಬ ಸಾಲಿನ ಕೆಳಗೆ ನೀವು ಸಹಿ ಹಾಕುವುದರಿಂದ ಅವಸರ ಬೇಡ. ಮನೆಗೆ ಹೋಗುವ ಆತುರದಲ್ಲಿ ಓದದೆ ಸಹಿ ಹಾಕುವವರೇ ಹೆಚ್ಚು. ಮೂರು ಜಾಗ ವಿಶೇಷವಾಗಿ ನೋಡಿ: ಎಡ-ಬಲ ಅದಲು ಬದಲಾಗಿದೆಯೇ, "ಸುಮಾರು" ಎಂದದ್ದು ಬಿಟ್ಟುಹೋಗಿದೆಯೇ, "ನೋಡಿಲ್ಲ" ಎಂದದ್ದು "ಗೊತ್ತಿಲ್ಲ" ಆಗಿದೆಯೇ. ತಪ್ಪಿದ್ದರೆ ಆಗಲೇ ನ್ಯಾಯಾಧೀಶರಿಗೆ ಹೇಳಿ. ಅವರು ತಿದ್ದಬಹುದು, ಇಲ್ಲವೇ ನಿಮ್ಮ ಆಕ್ಷೇಪವನ್ನು ಬರೆದಿಡಬಹುದು. ಮಾತಿನ ನಡುವೆಯೇ ನಿಮ್ಮ ತಪ್ಪು ನಿಮಗೆ ಹೊಳೆದರೂ ಕಾಯಬೇಡಿ, "ಸ್ವಾಮಿ, ಆಗ ಎಡಗಡೆ ಎಂದೆ, ಅದು ಬಲಗಡೆ" ಎಂದು ತಿದ್ದಿಕೊಳ್ಳಿ.

8. ಪರಿಹಾರದ ಪ್ರಕರಣಕ್ಕೂ ಕರೆ ಬಂದರೆ

ಗಾಯಾಳು ಅಥವಾ ಅವರ ಕುಟುಂಬದವರು ವಿಮೆ ಪರಿಹಾರಕ್ಕೆ ಹಾಕಿದ ಅರ್ಜಿಯಲ್ಲೂ ನಿಮ್ಮನ್ನು ಕರೆಯಬಹುದು. ಅದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದಿನ ಪ್ರತ್ಯೇಕ ಪ್ರಕರಣ, ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯಗಳು ಇದನ್ನು ನಡೆಸುತ್ತವೆ. ಅಲ್ಲಿ ಮುಖ್ಯ ವಿಚಾರಣೆಯ ಬದಲು ವಕೀಲರು ಸಿದ್ಧಪಡಿಸಿದ ಪ್ರಮಾಣಪತ್ರಕ್ಕೆ ನಿಮ್ಮ ಸಹಿ ಪಡೆಯುವುದು ವಾಡಿಕೆ. ಆಮೇಲೆ ವಿಮಾ ಕಂಪನಿಯ ವಕೀಲರು ಆ ಕಾಗದದ ಒಂದೊಂದು ಸಾಲಿನ ಮೇಲೂ ಪಾಟಿ ಸವಾಲು ಮಾಡುತ್ತಾರೆ. ನಮ್ಮ ಅಂಗಡಿಯವರ ಪ್ರಮಾಣಪತ್ರದಲ್ಲಿ "ಕಾರು ಅತಿವೇಗವಾಗಿ ಬರುತ್ತಿದ್ದುದನ್ನು ಕಂಡೆನು" ಎಂದಿದ್ದರೆ, ಆ ಸಾಲು ಹೊಡೆದು "ಶಬ್ದ ಕೇಳಿ ತಿರುಗಿ ನೋಡಿದೆನು" ಎಂದು ಬರೆದು ಹೊಸ ಪ್ರತಿ ತರುವಂತೆ ಹೇಳಿ, ಅದನ್ನು ಓದಿದ ನಂತರವೇ ಸಹಿ ಹಾಕಬೇಕು.